ಮೇಜಿನ ಕೆಳಗೆ ನೋಡದೆ ಕೊಟ್ಟ ಸಲಹೆ

ಕೂತು ಕೆಲಸ ಮಾಡುವವರ ಫೋಟೋ ತರಿಸಿ ನೋಡಿ, ಮೇಜು ಕುರ್ಚಿ ಹೇಗಿರಬೇಕು ಅಂತ ಸಲಹೆ ಕೊಡುವವಳು ನಾನು. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಒಂದು ತೋಟದ ಮನೆ. ಅಲ್ಲಿಂದ ಒಬ್ಬ ಹುಡುಗಿ ವಾಟ್ಸಾಪ್‌ನಲ್ಲಿ ಮಾತಿಗೆ ಸಿಕ್ಕಳು. ವಯಸ್ಸು 29, ಎತ್ತರ 5 ಅಡಿ 1 ಇಂಚು. ಬೆಂಗಳೂರಿನ ಕಂಪನಿಯೊಂದಕ್ಕೆ ಲೆಕ್ಕಪತ್ರದ ಕೆಲಸ, ಮನೆಯಿಂದಲೇ, ದಿನಕ್ಕೆ ಎಂಟು ಒಂಬತ್ತು ತಾಸು. ಅವಳ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಾಯಿಸಿದ್ದೇನೆ.

ದೂರು ಇದು: ಬಲಗಡೆ ಕುತ್ತಿಗೆಯಿಂದ ಹೆಗಲಿನವರೆಗೆ ಎಳೆತ, ಸಂಜೆಯಾದರೆ ಸೊಂಟ ನೋವು. ನೋವು ಶುರುವಾದ ಮೇಲೆ 16,000 ರೂಪಾಯಿ ಕೊಟ್ಟು ಆಫೀಸ್ ಕುರ್ಚಿ ತರಿಸಿದ್ದಳು. "ಮೇಡಂ, ಕುರ್ಚಿ ಬಂದ ಮೇಲೆ ನೋವು ಜಾಸ್ತಿಯೇ ಆಯ್ತು. ಎಂತ ಮಾಡಲಿ?"

ಫೋಟೋ ಕೇಳುವ ಮೊದಲು ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ಕೈಗೆ ಜೋಮು ಹಿಡಿಯುತ್ತದಾ, ಹಿಡಿದ ಲೋಟ ಜಾರುತ್ತದಾ, ರಾತ್ರಿ ನೋವಿಗೆ ಎಚ್ಚರ ಆಗುತ್ತದಾ, ಜ್ವರ ಇದೆಯಾ, ನಡೆಯುವಾಗ ತೂರಾಡಿದ ಹಾಗೆ ಆಗುತ್ತದಾ, ಮೂತ್ರದ ಹಿಡಿತ ತಪ್ಪಿದೆಯಾ. ಇದರಲ್ಲಿ ಒಂದಕ್ಕೆ ಹೌದು ಅಂದರೂ ಮೇಜು ಕುರ್ಚಿಯ ಮಾತು ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಇವಳಿಗೆ ಯಾವುದೂ ಇರಲಿಲ್ಲ. ಶನಿವಾರ, ಭಾನುವಾರ ನೋವು ಅರ್ಧಕ್ಕೆ ಇಳಿಯುತ್ತದೆ ಅಂದಳು. ಹಾಗಾದರೆ ಕೂರುವ ಜಾಗವನ್ನೇ ನೋಡಬೇಕು.

ಮೊದಲು ಬಂದ ಫೋಟೋ ಏನೂ ಪ್ರಯೋಜನಕ್ಕೆ ಬರಲಿಲ್ಲ. ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗೆ ನೆಟ್ಟಗೆ ಕೂತಿದ್ದಳು. ಎಲ್ಲರೂ ಹೀಗೇ ಮಾಡುತ್ತಾರೆ, ಬೈಯುವ ಹಾಗಿಲ್ಲ. ಕ್ಯಾಮೆರಾ ಮೇಲಿನಿಂದ ಹಿಡಿದಿದ್ದರಿಂದ ಪಾದವೂ ಕಾಣುತ್ತಿರಲಿಲ್ಲ. ಹಾಗಾಗಿ ಎರಡನೇ ಫೋಟೋಕ್ಕೆ ಸ್ವಲ್ಪ ಕಟ್ಟುಪಾಡು ಹಾಕಿದೆ. ಅಮ್ಮನನ್ನು ಅವಳು ಕರೆಯುವುದು ಆಯಿ ಅಂತ. ಆಯಿ ತೆಗೆಯಲಿ, ಮಧ್ಯಾಹ್ನ ಮೂರು ಗಂಟೆಯ ಮೇಲೆ, ನಿನಗೆ ಹೇಳದೆ. ಸರಿಯಾಗಿ ಮಗ್ಗುಲಿನಿಂದ, ಎರಡು ಮೀಟರ್ ದೂರದಲ್ಲಿ ಮೊಬೈಲನ್ನು ಸ್ಟೂಲಿನ ಮೇಲಿಟ್ಟು, ಕೂತವಳ ಭುಜದ ಎತ್ತರಕ್ಕೆ. ತಲೆಯಿಂದ ಪಾದದವರೆಗೆ ಎಲ್ಲ ಬರಬೇಕು. ಜೂಮ್ `0.5x` ಬೇಡ, ಅದು ಅಂಚಿನಲ್ಲಿರುವುದನ್ನು ಎಳೆದು ತೋರಿಸುತ್ತದೆ. ಮೇಜಿನ ಕಾಲಿಗೆ 30 ಸೆಂಟಿಮೀಟರ್ ಸ್ಕೇಲ್ ಅಂಟಿಸಿ. ಜಂತಿಯಿಂದ ಒಂದು ದಾರ ಇಳಿಬಿಟ್ಟು ತುದಿಗೆ ಬೀಗ ಕಟ್ಟಿ.

ದಾರ ಯಾಕೆ ಅಂದರೆ, ಹಳೆ ಮನೆಯ ಬಾಗಿಲ ಚೌಕಟ್ಟು, ಗೋಡೆ ಯಾವುದನ್ನೂ ನಂಬುವ ಹಾಗಿಲ್ಲ, ಎಲ್ಲವೂ ಒಂಚೂರು ವಾಲಿರುತ್ತವೆ. ಬೀಗ ಕಟ್ಟಿದ ದಾರ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಅದನ್ನು ನೋಡಿ ಕಿವಿ ಎಷ್ಟು ಮುಂದೆ ಹೋಗಿದೆ ಅಂತ ಹೇಳಬಹುದು. ಸ್ಕೇಲ್ ಇದ್ದರೆ ಅಂದಾಜು ಅಳತೆಯೂ ಸಿಗುತ್ತದೆ. ಆದರೆ ಸ್ಕೇಲು ಹತ್ತಿರ, ಮನುಷ್ಯ ದೂರ ಆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಮುಖ್ಯ ಅಳತೆಗಳನ್ನು ಹೊಲಿಗೆ ಟೇಪಿನಲ್ಲಿ ಇನ್ನೊಮ್ಮೆ ತೆಗೆಸುತ್ತೇನೆ.

ಆಯಿ ತೆಗೆದ ಫೋಟೋದಲ್ಲಿ ಎಲ್ಲ ಬಯಲಾಯಿತು. ಕಿವಿಯ ತೂತು ಭುಜಕ್ಕಿಂತ ಸುಮಾರು 8 ಸೆಂಟಿಮೀಟರ್ ಮುಂದೆ. ಹೆಗಲು ಕಿವಿಯ ಕಡೆ ಏರಿದೆ. ಹಿಮ್ಮಡಿ ನೆಲಕ್ಕೆ ತಾಗಿಲ್ಲ. ಬೆನ್ನಿಗೂ ಕುರ್ಚಿಗೂ ನಡುವೆ ಒಂದು ತಲೆದಿಂಬು ತೂರಿಸುವಷ್ಟು ಜಾಗ. ಅಷ್ಟು ದುಡ್ಡು ಕೊಟ್ಟು ತಂದ ಕುರ್ಚಿಯ ಬೆನ್ನಿಗೆ ಇವಳ ಬೆನ್ನು ತಾಗುವುದೇ ಇಲ್ಲ!

ಯಾಕೆ ಅಂತ ಅದೇ ಫೋಟೋ ಹೇಳುತ್ತಿತ್ತು. ಮೇಜು ಅಜ್ಜನ ಕಾಲದ್ದು, ಬೀಟೆ ಮರದ್ದು, ಹಲಗೆಯ ಕೆಳಗೆ ಉದ್ದಕ್ಕೂ ಡ್ರಾಯರ್. ಹೊಸ ಕುರ್ಚಿಯ ಕೈಗಳು ಹೋಗಿ ಆ ಡ್ರಾಯರಿನ ಮುಖಕ್ಕೆ ಬಡಿದು ನಿಂತಿದ್ದವು. ಕುರ್ಚಿ ಅದಕ್ಕಿಂತ ಮುಂದೆ ಬರುವುದಿಲ್ಲ. ಕೀಬೋರ್ಡ್ ದೂರ ಉಳಿಯಿತು. ಕೈ ಎಟುಕಿಸಲು ಅವಳು ಸೀಟಿನ ಅಂಚಿಗೆ ಸರಿದಳು, ಬೆನ್ನು ಬಾಗಿತು, ತಲೆ ಮುಂದೆ ಹೋಯಿತು. ಮೊದಲಿದ್ದ ಪ್ಲಾಸ್ಟಿಕ್ ಕುರ್ಚಿಗೆ ಕೈ ಇರಲಿಲ್ಲ, ಹಾಗಾಗಿ ಆಗ ಹತ್ತಿರವಾದರೂ ಕೂರುತ್ತಿದ್ದಳು. ಕುರ್ಚಿ ಬಂದ ಮೇಲೆ ನೋವು ಹೆಚ್ಚಾದ ಗುಟ್ಟು ಇದು.

ಇನ್ನೊಂದು ತೊಂದರೆ ಎತ್ತರದ್ದು. ಕುರ್ಚಿಯನ್ನು ಪೂರ್ತಿ ಇಳಿಸಿದರೂ ಸೀಟು ನೆಲದಿಂದ 45 ಸೆಂಟಿಮೀಟರ್. ಕೈ ಇಳಿಬಿಟ್ಟು ಮೊಣಕೈ ಮಡಚಿದರೆ, ಸೀಟಿನಿಂದ ಮೊಣಕೈಗೆ 22. ಅಂದರೆ ಮೊಣಕೈ ನೆಲದಿಂದ 67ಕ್ಕೆ ಬರುತ್ತದೆ. ಮೇಜು 76, ಲ್ಯಾಪ್‌ಟಾಪಿನ ಕೀಲಿಗಳು ಇನ್ನೂ 2 ಮೇಲೆ, ಒಟ್ಟು 78. ಕೈಬೆರಳು ಮೊಣಕೈಗಿಂತ 11 ಸೆಂಟಿಮೀಟರ್ ಮೇಲೆ ಕೆಲಸ ಮಾಡಬೇಕು. ಅದಕ್ಕೆ ದಿನವಿಡೀ ಹೆಗಲು ಎತ್ತಿ ಹಿಡಿದಿರಬೇಕು. ಬಲಗಡೆ ಮೌಸ್ ಇರುವುದರಿಂದ ಆ ಕೈ ಇನ್ನೂ ದೂರ ಹೋಗುತ್ತದೆ, ಎಳೆತವೂ ಅಲ್ಲೇ ಜಾಸ್ತಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಂಥ ಲೆಕ್ಕ ಕಂಡಾಗ ಮಾಮೂಲಿ ಉತ್ತರ ಒಂದಿದೆ: ಮೇಜು ಇಳಿಯದಿದ್ದರೆ ಕುರ್ಚಿ ಏರಿಸು, ಕಾಲಿಗೆ ಏನಾದರೂ ಕೊಡು. ನಾನೂ ಅದನ್ನೇ ಬರೆದೆ. ಕುರ್ಚಿಯ ಕೈಗಳನ್ನು ಅಲೆನ್ ಕೀ ಹಾಕಿ ಬಿಚ್ಚು, ಸೀಟನ್ನು 55ಕ್ಕೆ ಏರಿಸು, ಪಾದದ ಕೆಳಗೆ ಗಟ್ಟಿಯಾದ ಪೆಟ್ಟಿಗೆ ಇಡು.

ನಾಲ್ಕು ದಿನಕ್ಕೆ ಇನ್ನೊಂದು ಫೋಟೋ ಬಂತು. ಕುತ್ತಿಗೆ ಸ್ವಲ್ಪ ಹಗುರ, ಆದರೆ ಸೊಂಟ ಮೊದಲಿಗಿಂತ ಕೆಟ್ಟಿದೆ ಅಂದಳು. ಮಗ್ಗುಲಿನ ಫೋಟೋದಲ್ಲಿ ಮೊಣಕೈ ಸರಿಯಾಗಿತ್ತು. ಆದರೆ ಎರಡೂ ಮಂಡಿ ಮೇಜಿನ ಹೊರಗೆ, ಒಂದು ಕಡೆಗೆ ತಿರುಗಿದ ಹಾಗೆ ಕಂಡವು. ಹಿಂದಿನಿಂದಲೂ ಒಂದು ಫೋಟೋ ಕಳಿಸಲು ಹೇಳಿದೆ. ಸೊಂಟದಿಂದ ಕೆಳಗೆ ಎಡಕ್ಕೆ, ಸೊಂಟದಿಂದ ಮೇಲೆ ಪರದೆಯ ಕಡೆಗೆ. ಬಟ್ಟೆ ಹಿಂಡಿದ ಹಾಗೆ ತಿರುಚಿ ಕೂತಿದ್ದಳು. ಇಂಥ ತಿರುಚು ಮಗ್ಗುಲಿನ ಫೋಟೋದಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಕಾರಣ ಮತ್ತದೇ ಡ್ರಾಯರ್. ಅದರ ತಳ ನೆಲದಿಂದ 61 ಸೆಂಟಿಮೀಟರ್. ಅವಳ ತೊಡೆಯ ದಪ್ಪ, ಕೂತಾಗ, 13 ರಿಂದ 14. ಸೀಟು 45ರಲ್ಲಿದ್ದಾಗ ತೊಡೆ 59ರ ಒಳಗೆ, ಡ್ರಾಯರಿನ ಕೆಳಗೆ ಹೇಗೋ ತೂರುತ್ತಿತ್ತು. ಸೀಟು 55 ಆದರೆ ತೊಡೆ 68ಕ್ಕೂ ಮೇಲೆ. ತೂರುವುದು ಎಲ್ಲಿಂದ ಬಂತು? ಹುಡುಗಿ ಪಾಪ, ನಾನು ಹೇಳಿದ ಎತ್ತರ ಬಿಡಬಾರದು ಅಂತ ಕಾಲನ್ನೇ ಹೊರಗಿಟ್ಟು ಕೂತಿದ್ದಳು. ಮೇಜಿನ ಮೇಲ್ಮೈ ಅಳೆಸಿದ್ದ ನಾನು ತಳ ಅಳೆಸಿರಲಿಲ್ಲ. ಎರಡನೇ ಫೋಟೋದಲ್ಲೇ ಡ್ರಾಯರ್ ಕಣ್ಣಿಗೆ ಹೊಡೆಯುವ ಹಾಗಿತ್ತು, ಅಲ್ವಾ? ಕುರ್ಚಿಯ ಕೈಗೆ ಅಡ್ಡ ಅಂತ ನೋಡಿದೆ, ತೊಡೆಗೂ ಅಡ್ಡ ಅಂತ ಯೋಚಿಸಲಿಲ್ಲ.

ಡ್ರಾಯರ್ ತೆಗೆದರೂ ಅದರ ಪಟ್ಟಿ, ಮುಂದಿನ ಅಡ್ಡಮರ ಉಳಿಯುತ್ತದೆ. ಮೇಜಿನ ಕಾಲು ಕೊಯ್ದರೆ ಡ್ರಾಯರ್ ಇನ್ನೂ ಕೆಳಗೆ ಬರುತ್ತದೆ. ಆದರೂ ಸುಮ್ನೆ ಕೇಳಿದೆ. ಒಳಗಿಂದ ಅಪ್ಪಯ್ಯನ ದನಿ ಫೋನಿನಲ್ಲೇ ಕೇಳಿಸಿತು: "ಅಜ್ಜನ ಮೇಜಿಗೆ ಗರಗಸ ಹಾಕಲೆ ಆನು ಬಿಡ್ತ್ನಿಲ್ಲೆ!" ಒಳ್ಳೆಯದೇ ಆಯಿತು. ಆ ಮೇಜು ಕಡತ ಇಡಲಿಕ್ಕೆ ಇರಲಿ, ಕೆಲಸಕ್ಕೆ ಬರೀ ಒಂದು ಹಲಗೆ ಸಾಕು, ಕೆಳಗೆ ಏನೂ ಇರಬಾರದು ಅಂದೆ.

ಅಟ್ಟದ ಮೇಲೆ ಹಲಸಿನ ಹಲಗೆ ಇತ್ತು. ಗೋಡೆಗೆ ಎಲ್ ಆಂಗಲ್ ಹೊಡೆದು ಹಲಗೆ ಕೂರಿಸುವುದು ನನ್ನ ಯೋಚನೆ. ಆಚಾರಿ ಗೋಡೆ ಬಡಿದು ನೋಡಿ, ಇದು ಮಣ್ಣಿನ ಗೋಡೆ, ಮೊಳೆ ಹಿಡಿಯುವುದಿಲ್ಲ ಅಂದರಂತೆ. ಎರಡು ತುದಿಗೆ ಎರಡು ಕಾಲುಪಟ್ಟಿ ಕೊಟ್ಟು ನಿಲ್ಲಿಸಿದರು. ಹಲಗೆಯ ಮೇಲ್ಮೈ 65, ದಪ್ಪ 2. ಪ್ರತ್ಯೇಕ ಕೀಬೋರ್ಡ್ ಇಟ್ಟರೆ ಕೀಲಿಗಳು 67ಕ್ಕೆ, ಅಂದರೆ ಮೊಣಕೈಯ ಮಟ್ಟಕ್ಕೇ. ತಳ 63, ತೊಡೆ 59ರ ಒಳಗೆ. ಮಧ್ಯೆ ಮೂರು ಬೆರಳು ಆಡುವಷ್ಟು ಜಾಗ. ಸೀಟು ಮತ್ತೆ 45ಕ್ಕೆ ಇಳಿಯಿತು. ಕುರ್ಚಿಯ ಕೈಗಳು ಬಿಚ್ಚಿದ ಹಾಗೇ ಇರಲಿ ಅಂದೆ. ಮುಂಗೈಗೆ ಹಲಗೆಯೇ ಆಸರೆ.

ಮಂಡಿಯ ಹಿಂಭಾಗದಿಂದ ನೆಲಕ್ಕೆ ಅವಳ ಕಾಲಿನ ಅಳತೆ 40. ಸೀಟು 45. ಉಳಿದ 5 ಸೆಂಟಿಮೀಟರಿಗೆ ಊಟದ ಮಣೆ ಸರಿಹೊಂದಿತು. ಪಾದ ಪೂರ್ತಿ ಊರಿದ ಮೇಲೆ ಹಿಂದೆ ಸರಿದು ಕೂರುವುದು ತಾನಾಗಿಯೇ ಬರುತ್ತದೆ. ಕಾಲು ಜೋಲುತ್ತಿದ್ದರೆ ಯಾರೂ ಸೀಟಿನ ಅಂಚು ಬಿಟ್ಟು ಹಿಂದೆ ಹೋಗುವುದಿಲ್ಲ.

ಇನ್ನು ಪರದೆ. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡ್ ಕೈಗೆ ಸರಿಯಾದರೆ ಪರದೆ ಕಣ್ಣಿಗೆ ತಗ್ಗು. ಎರಡೂ ಅಂಟಿಕೊಂಡೇ ಇರುವುದರಿಂದ ಬೇರೆ ದಾರಿ ಇಲ್ಲ, ಪ್ರತ್ಯೇಕ ಕೀಬೋರ್ಡು, ಮೌಸ್ ಬೇಕೇ ಬೇಕು. ಅವಳ ಕಣ್ಣು ನೆಲದಿಂದ 112. ಲ್ಯಾಪ್‌ಟಾಪ್ ಹಲಗೆಯ ಮೇಲೆ ಇಟ್ಟರೆ ಪರದೆಯ ಮೇಲಂಚು 88. ಉಳಿದ ಮರದಲ್ಲಿ 22 ಎತ್ತರದ, ಹಿಂದೆ ತೆರೆದ ಪೆಟ್ಟಿಗೆ ಮಾಡಿಸಿದಳು. ಮೇಲಂಚು ಕಣ್ಣಿಗಿಂತ ಒಂಚೂರು ಕೆಳಗೆ ಬಂತು. ಅವಳಿಗೆ ಇದು ಸರಿ. ಅವಳ ಅಪ್ಪಯ್ಯನಂಥವರು, ಕೆಳಭಾಗದಲ್ಲಿ ಓದುವ ಗಾಜಿರುವ ಕನ್ನಡಕದವರು, ಇಷ್ಟು ಎತ್ತರಿಸಿದರೆ ಗಲ್ಲ ಮೇಲೆತ್ತಿ ನೋಡಬೇಕಾಗುತ್ತದೆ. ಅವರಿಗೆ ಪರದೆ ಇನ್ನೂ ತಗ್ಗಿಸಬೇಕು.

ದೂರಕ್ಕೆ ಸುಲಭದ ಅಳತೆ: ಬೆನ್ನು ಆನಿಸಿ ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗಬೇಕು. ಆದರೆ ಅಷ್ಟು ದೂರದಲ್ಲಿ ಎಕ್ಸೆಲ್ಲಿನ ಅಂಕಿ ಅವಳಿಗೆ ಕಾಣದು, ಮತ್ತೆ ತಲೆ ಮುಂದೆ. ವಿಂಡೋಸಿನಲ್ಲಿ `Settings > System > Display`ಗೆ ಹೋಗಿ `Scale` ಅನ್ನು `125%` ಮಾಡಿಸಿದೆ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಅದು.

ಮೂರು ವಾರದ ಮೇಲೆ ಆಯಿ ಮತ್ತೆ ಕದ್ದು ಫೋಟೋ ತೆಗೆದರು, ಅದೇ ಸ್ಟೂಲು, ಅದೇ ದಾರ. ಕಿವಿ ಈಗ ಭುಜಕ್ಕಿಂತ 3 ಸೆಂಟಿಮೀಟರ್ ಮುಂದೆ. ಬೆನ್ನು ಕುರ್ಚಿಗೆ ತಾಗಿತ್ತು. ಹೆಗಲಿನ ಎಳೆತ ಹತ್ತರಲ್ಲಿ ಆರು ಇದ್ದದ್ದು ಎರಡಕ್ಕೆ ಬಂದಿತ್ತು. ಸೊಂಟಕ್ಕೆ ಇನ್ನೂ ಎರಡು ವಾರ ಹಿಡಿಯಿತು, ಅದೂ ಅರ್ಧ ತಾಸಿಗೊಮ್ಮೆ ಎದ್ದು ಹಿತ್ತಲ ಬಾಗಿಲವರೆಗೆ ಹೋಗಿ ಬರಲು ಶುರು ಮಾಡಿದ ಮೇಲೆ. ಎಷ್ಟೇ ಸರಿಯಾದ ಕುರ್ಚಿಯಾದರೂ ಮೂರು ತಾಸು ಅಲುಗದೆ ಕೂತರೆ ಸೊಂಟ ಹಿಡಿಯುತ್ತದೆ. ಅದನ್ನು ಫೋಟೋ ತೋರಿಸುವುದಿಲ್ಲ, ಕೇಳಿಯೇ ತಿಳಿಯಬೇಕು.

ಈಗ ಎಲ್ಲರಿಗೂ ಮೂರನೇ ಫೋಟೋ ಒಂದು ಕೇಳುತ್ತೇನೆ: ನೆಲದ ಮೇಲೆ ಮೊಬೈಲ್ ಇಟ್ಟು ಮೇಜಿನ ತಳ ತೆಗೆದದ್ದು.

ಚೌತಿಯ ಹಿಂದಿನ ದಿನ ಅವಳ ಮೆಸೇಜ್ ಬಂತು: "ಮೇಡಂ, ನಾಳೆ ನೆಂಟರು ಬರ್ತಾರೆ, ಮಣೆ ವಾಪಸ್ ಬೇಕು ಅಂತಿದಾರೆ ಆಯಿ." ಆಚಾರಿಯ ಹತ್ತಿರ ಹಲಸಿನ ತುಂಡು ಉಳಿದಿರಬೇಕು, 5 ಸೆಂಟಿಮೀಟರ್ ದಪ್ಪಕ್ಕೆ ಪದರ ಸೇರಿಸಿ ಹೊಡೆಸಿಕೋ ಅಂತ ಬರೆದೆ.