ಪಿಪ್, ಲಾಟ್, ಮಾರ್ಜಿನ್: 200 ಡಾಲರ್ ಖಾತೆಯ ಲೆಕ್ಕ

ಪ್ರಶ್ನೆ: ನಾನು ಮಂಡ್ಯದವನು. ಫಾರೆಕ್ಸ್‌ಗೆ 200 ಡಾಲರ್ ಹಾಕಬೇಕು ಅಂತಿದೀನಿ. ಪಿಪ್, ಲಾಟ್, ಮಾರ್ಜಿನ್ ಒಂದೂ ತಲೆಗೆ ಹೋಗ್ತಿಲ್ಲ. ಆ್ಯಪ್‌ನಲ್ಲಿ 1:500 ಲಿವರೇಜ್ ಕೊಡ್ತಾರೆ, ತಗೊಳ್ಳೋದು ಒಳ್ಳೇದಾ?

EUR/USD, ಅಂದರೆ ಒಂದು ಯೂರೋಗೆ ಎಷ್ಟು ಡಾಲರ್ ಅನ್ನೋ ದರ, 1.1000 ಇದೆ ಅಂತ ಇಟ್ಟುಕೊಳ್ಳಿ. ಅದು 1.1001 ಆದರೆ ಒಂದು ಪಿಪ್ ಏರಿತು, ಅಂದರೆ ನಾಲ್ಕನೇ ದಶಮಾಂಶ ಒಂದರಷ್ಟು ಬದಲಾಯಿತು. ಯೆನ್ ಇರುವ ಜೋಡಿಗಳಲ್ಲಿ ಮಾತ್ರ ಎರಡನೇ ದಶಮಾಂಶ ನೋಡಬೇಕು. ಎಷ್ಟೋ ಆ್ಯಪ್‌ಗಳು ಕೊನೆಗೆ ಇನ್ನೊಂದು ಅಂಕಿ ತೋರಿಸುತ್ತವೆ. ಅದು ಪಿಪ್‌ನ ಹತ್ತನೇ ಒಂದು ಭಾಗ. ಅದನ್ನೇ ಪಿಪ್ ಅಂದುಕೊಂಡರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ.

ಒಂದು ಪಿಪ್‌ಗೆ ಎಷ್ಟು ದುಡ್ಡು ಅನ್ನೋದನ್ನು ಲಾಟ್ ನಿರ್ಧರಿಸುತ್ತದೆ. 1 ಲಾಟ್ ಅಂದರೆ 1,00,000 ಯೂರೋ, ಪಿಪ್‌ಗೆ 10 ಡಾಲರ್. 0.10 ಲಾಟ್‌ಗೆ 1 ಡಾಲರ್, 0.01 ಲಾಟ್‌ಗೆ 10 ಸೆಂಟ್.

ಮಾರ್ಜಿನ್ ಶುಲ್ಕ ಅಲ್ಲ. ಬಾಡಿಗೆ ಮನೆಗೆ ಕೊಡುವ ಅಡ್ವಾನ್ಸ್ ಇದ್ದಹಾಗೆ, ವ್ಯವಹಾರ ಮುಗಿಯುವವರೆಗೆ ತಡೆಹಿಡಿದಿರುತ್ತಾರೆ. 0.10 ಲಾಟ್‌ನ ಮೌಲ್ಯ 11,000 ಡಾಲರ್. ಲಿವರೇಜ್ 1:100 ಇದ್ದರೆ, ಅಂದರೆ ಮೌಲ್ಯದ ನೂರನೇ ಒಂದು ಭಾಗ ಇಟ್ಟರೆ ಸಾಕು ಅಂತಿದ್ದರೆ, ಮಾರ್ಜಿನ್ 110 ಡಾಲರ್. ನಿಮ್ಮ 200ರಲ್ಲಿ ಉಳಿದದ್ದು 90. ದರ 90 ಪಿಪ್ ವಿರುದ್ಧ ಹೋದರೆ ಆ 90 ಕರಗಿ, ಹೊಸ ಆರ್ಡರ್ ಹಾಕಲು ಜಾಗವೇ ಇರುವುದಿಲ್ಲ. ಖಾತೆಯ ಹಣ ಮಾರ್ಜಿನ್‌ನ ಅರ್ಧಕ್ಕೆ ಇಳಿದಾಗ ಆರ್ಡರನ್ನು ತಾನೇ ಮುಚ್ಚುವ ನಿಯಮವಿದ್ದರೆ, 55 ಡಾಲರ್ ಉಳಿದಾಗ, ಅಂದರೆ 145 ಪಿಪ್‌ಗೆ ಆಟ ಮುಗಿಯಿತು.

ಈಗ 1:500. ಅದೇ 0.10 ಲಾಟ್‌ಗೆ ಮಾರ್ಜಿನ್ 22 ಡಾಲರ್ ಸಾಕು. ಪಿಪ್‌ನ ಬೆಲೆ ಮಾತ್ರ ಅದೇ 1 ಡಾಲರ್. ಲಿವರೇಜ್ ತಾನಾಗಿ ನಷ್ಟ ಹೆಚ್ಚಿಸುವುದಿಲ್ಲ, ದೊಡ್ಡ ಲಾಟ್‌ಗೆ ಬಾಗಿಲು ತೆರೆಯುತ್ತದೆ. ಅಪಾಯ ಇರುವುದು ಅಲ್ಲೇ. ಆಸೆಗೆ 0.80 ಲಾಟ್ ತೆಗೆದುಕೊಂಡರೆ ಮಾರ್ಜಿನ್ 176, ಪಿಪ್‌ಗೆ 8 ಡಾಲರ್. ಖಾತೆ ಆ ಮಾರ್ಜಿನ್‌ನ ಅರ್ಧಕ್ಕೆ, ಅಂದರೆ 88 ಡಾಲರ್‌ಗೆ ಇಳಿಯಲು 14 ಪಿಪ್ ಸಾಕು. ಕೊಳ್ಳುವ ಮತ್ತು ಮಾರುವ ದರದ ನಡುವಿನ ಅಂತರ ಒಂದು ಪಿಪ್ ಇದ್ದರೂ ಆರ್ಡರ್ ಹಾಕಿದ ಕ್ಷಣವೇ 8 ಡಾಲರ್ ಹೋಗಿರುತ್ತದೆ. ದೊಡ್ಡ ಸುದ್ದಿ ಬಂದಾಗ EUR/USD ಈ 14 ಪಿಪ್ಪನ್ನು ನಿಮಿಷಗಳಲ್ಲಿ ದಾಟಬಲ್ಲದು.

ಹಾಗಾಗಿ ಲೆಕ್ಕವನ್ನು ನಷ್ಟದಿಂದ ಶುರುಮಾಡಿ. ಒಂದು ವ್ಯವಹಾರದಲ್ಲಿ 4 ಡಾಲರ್ ಹೋದರೂ ಪರವಾಗಿಲ್ಲ, ನಷ್ಟ ಅಲ್ಲಿಗೇ ನಿಲ್ಲಲಿ ಅಂತ ಆರ್ಡರ್ ಮುಚ್ಚಲು ಮೊದಲೇ ಇಡುವ ದರ, ಅಂದರೆ ಸ್ಟಾಪ್ ಲಾಸ್, 40 ಪಿಪ್ ದೂರದಲ್ಲಿದೆ ಅಂದರೆ ಪಿಪ್‌ಗೆ 10 ಸೆಂಟ್, ಅಂದರೆ 0.01 ಲಾಟ್. ಅದಕ್ಕಿಂತ ಹೆಚ್ಚು ಬೇಡ.

ಇದನ್ನೆಲ್ಲ ಡೆಮೊ ಖಾತೆಯಲ್ಲೇ ಮಾಡಿ ನೋಡಿ, ಆ ಆ್ಯಪ್‌ಗೆ ನಿಜವಾದ ದುಡ್ಡು ಕಳಿಸಬೇಡಿ. ವಿದೇಶಿ ಫಾರೆಕ್ಸ್ ಆ್ಯಪ್‌ಗಳಿಗೆ ಇಲ್ಲಿಂದ ಮಾರ್ಜಿನ್ ಹಣ ಕಟ್ಟುವುದು ಫೆಮಾ ಕಾಯ್ದೆಗೆ ವಿರುದ್ಧ. ಅನುಮತಿ ಇಲ್ಲದ ಫಾರೆಕ್ಸ್ ಆ್ಯಪ್‌ಗಳ ಬಗ್ಗೆ ಎಚ್ಚರಿಸುವ ರಿಸರ್ವ್ ಬ್ಯಾಂಕಿನ ಅಲರ್ಟ್ ಲಿಸ್ಟ್‌ನಲ್ಲಿ ಆ ಆ್ಯಪ್‌ನ ಹೆಸರಿಲ್ಲ ಅಂದಮಾತ್ರಕ್ಕೆ ಅನುಮತಿ ಇದೆ ಅಂತಲೂ ಅಲ್ಲ. ನಮ್ಮಲ್ಲಿ ಕಾನೂನುಬದ್ಧ ದಾರಿ ಎನ್‌ಎಸ್‌ಇಯಂಥ ಮಾನ್ಯತೆ ಪಡೆದ ಎಕ್ಸ್‌ಚೇಂಜ್. ಅಲ್ಲಿ USD/INR ಫ್ಯೂಚರ್ಸ್‌ನ ಒಂದು ಲಾಟ್ 1,000 ಡಾಲರ್, ದರ ಕನಿಷ್ಠ 0.0025 ರೂಪಾಯಿಯಷ್ಟು ಕದಲುತ್ತದೆ, ಅಂದರೆ ಲಾಟ್‌ಗೆ 2.50 ರೂಪಾಯಿ. ಆದರೆ 2024ರ ಮೇ ತಿಂಗಳಿಂದ, ರೂಪಾಯಿ ಸೇರಿದ ಜೋಡಿಗಳಲ್ಲಿ ವ್ಯವಹರಿಸಲು ನಿಮಗೆ ನಿಜವಾದ ವಿದೇಶಿ ಹಣದ ಕೊಡುಕೊಳ್ಳುವಿಕೆ ಇರಲೇಬೇಕು.