ನೀರಿಗೆ ಎಥನಾಲ್ ಬೆರೆಸಿದಾಗ ಗಾತ್ರ ಏಕೆ ಕುಗ್ಗುತ್ತದೆ?

ಪ್ರಶ್ನೆ: ಕಾರವಾರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಸೇರಿಸಿದರೆ 100 ಮಿ.ಲೀ. ಆಗಲಿಲ್ಲ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ, ತೂಗಿ ನೋಡಿದರೆ ದ್ರವ್ಯರಾಶಿ ಅಷ್ಟೇ ಇರುತ್ತದೆ. ಶುದ್ಧ ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಹೆಣೆದುಕೊಂಡು ನಡುನಡುವೆ ತೆರವು ಬಿಟ್ಟಿರುತ್ತವೆ. ಎಥನಾಲ್ ಬೆರೆತಾಗ ಈ ಹೆಣಿಗೆ ಬದಲಾಗಿ, ಎರಡೂ ಬಗೆಯ ಅಣುಗಳು ಮೊದಲಿಗಿಂತ ಒತ್ತಾಗಿ ಕೂರುತ್ತವೆ.

ಮಿಶ್ರಣದ ಸಂಯೋಜನೆ ಬದಲಾಗದಷ್ಟು ದೊಡ್ಡ ಪ್ರಮಾಣಕ್ಕೆ ಒಂದು ಮೋಲ್ ವಸ್ತುವನ್ನು ಸೇರಿಸಿದಾಗ ಗಾತ್ರದಲ್ಲಿ ಆಗುವ ಹೆಚ್ಚಳವೇ ಆ ವಸ್ತುವಿನ ಆಂಶಿಕ ಮೋಲಾರ್ ಗಾತ್ರ. ಒಂದು ಮೋಲ್ ನೀರು ನೀರಿಗೇ ಸೇರಿದರೆ ಸುಮಾರು 18 ಮಿ.ಲೀ. ಹೆಚ್ಚುತ್ತದೆ, ಹೇರಳ ಎಥನಾಲ್‌ಗೆ ಸೇರಿದರೆ ಸುಮಾರು 14 ಮಾತ್ರ, ಏಕೆಂದರೆ ಅಲ್ಲಿ ಪ್ರತಿ ನೀರಿನ ಅಣುವನ್ನೂ ಎಥನಾಲ್ ಅಣುಗಳೇ ಸುತ್ತುವರಿದಿರುತ್ತವೆ. ಆದ್ದರಿಂದ ಇದು ಅಣುವಿನ ಸ್ವಂತ ಗಾತ್ರವಲ್ಲ, ಅದು ಇರುವ ಪರಿಸರದ ಗುಣವೂ ಹೌದು.

ನಿಮ್ಮ ಮಿಶ್ರಣದಲ್ಲಿ ಸುಮಾರು 2.77 ಮೋಲ್ ನೀರು, 0.85 ಮೋಲ್ ಎಥನಾಲ್ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಸಂಯೋಜನೆಗೆ ಆಂಶಿಕ ಗಾತ್ರಗಳು ಹೆಚ್ಚುಕಡಿಮೆ 17.5 ಮತ್ತು 56.5 ಮಿ.ಲೀ.; ಶುದ್ಧ ಎಥನಾಲ್‌ಗಾದರೆ 58.7.

V = 2.77 × 17.5 + 0.85 × 56.5 ≈ 96.5

ಬೆರೆಸಿದ ಕೂಡಲೇ ಅಳೆಯಬೇಡಿ. ಮಿಶ್ರಣ ಬಿಸಿಯಾಗಿ ಹಿಗ್ಗಿರುತ್ತದೆ, ಗುಳ್ಳೆಗಳೂ ಏಳುತ್ತವೆ. ಜಾಡಿಯ ಬಾಯಿ ಮುಚ್ಚಿ, ಅದು ಮೊದಲಿನ ಉಷ್ಣತೆಗೆ ಇಳಿದ ಮೇಲೆ ಓದಿದರೆ ಮಾತ್ರ ನಿಜವಾದ ಕುಗ್ಗುವಿಕೆ ಕಾಣುತ್ತದೆ.