ಒಣಗಿದ ಬಟ್ಟೆಯ ಕಸ್ತೂರಿ ವಾಸನೆ: ಗಂಡನಿಗೆ ಇಲ್ಲ, ಹೆಂಡತಿಗೆ ತಲೆನೋವು

ಸಂಪಾದಕರೇ, ಮನೆಯಲ್ಲೇ ಬಟ್ಟೆ ಒಗೆಯುವ ಲಿಕ್ವಿಡ್ ಮಾಡಿ ಮಾರುತ್ತೇನೆ. 10 ಲೀಟರಿಗೆ 40 ಮಿ.ಲೀ. ‘ವೈಟ್ ಮಸ್ಕ್’ ಸೆಂಟ್ ಹಾಕುತ್ತಿದ್ದೆ. ಲಿಕ್ವಿಡ್‌ನಲ್ಲಿ ಘಮ್ಮೆನ್ನುತ್ತದೆ, ಬಟ್ಟೆ ಒಣಗಿದ ಮೇಲೆ ನನಗೆ ಏನೂ ಬರುವುದಿಲ್ಲ. ಅದಕ್ಕೇ 80ಕ್ಕೆ ಏರಿಸಿದೆ. ಈಗ ಬೀರು ತೆಗೆದರೆ ತಲೆನೋವು ಅಂತಾಳೆ ನನ್ನ ಹೆಂಡತಿ. ಗಿರಾಕಿಗಳದೂ ಅದೇ ದೂರು. ಸೆಂಟ್ ಕಲಬೆರಕೆಯೋ, ನನ್ನ ಮೂಗು ಕೆಟ್ಟಿದೆಯೋ?
— ಓದುಗರು, ಗುಬ್ಬಿ, ತುಮಕೂರು ಜಿಲ್ಲೆ

ಎರಡೂ ಅಲ್ಲವೆಂದೇ ತೋರುತ್ತದೆ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಅಂಥ ಸೆಂಟಿನಲ್ಲಿ ನಿಂಬೆ, ಹೂವಿನಂಥ ಹಗುರ ವಾಸನೆಗಳ ಜೊತೆ ಕಸ್ತೂರಿಯ ಭಾರವಾದ ವಾಸನೆಯೂ ಇರುತ್ತದೆ. ಹಗುರದವು ಬಟ್ಟೆ ಒಣಗುವಾಗಲೇ ಹಾರಿಹೋಗುತ್ತವೆ. ಉಳಿಯುವುದು ಕೃತಕ ಕಸ್ತೂರಿ. ಒಗೆಯುವ ಸಾಮಾನಿಗೆ ಹೆಚ್ಚಾಗಿ ಬಳಸುವ ಗ್ಯಾಲಕ್ಸೊಲೈಡ್ ಎಂಬ ಕಸ್ತೂರಿ ನೀರಿನಲ್ಲಿ ಅಷ್ಟಾಗಿ ಕರಗದೆ ನೂಲಿಗೆ ಅಂಟಿಕೊಳ್ಳುತ್ತದೆ. ಲಿಕ್ವಿಡ್‌ನಲ್ಲಿ ನಿಮ್ಮ ಮೂಗಿಗೆ ಸಿಕ್ಕಿದ್ದು ಹಗುರದ ಭಾಗ, ಬೀರುವಿನಲ್ಲಿ ನಿಮ್ಮವರಿಗೆ ಸಿಗುತ್ತಿರುವುದು ಕಸ್ತೂರಿ.

ಕಾಫಿ, ಇಂಗು, ಮಲ್ಲಿಗೆ ಎಲ್ಲ ಸರಿಯಾಗಿ ತಿಳಿಯುತ್ತಿದ್ದು ಒಂದೆರಡು ವಸ್ತು ಮಾತ್ರ ತಿಳಿಯದಿದ್ದರೆ ಅದು ನಿರ್ದಿಷ್ಟ ಘ್ರಾಣಹೀನತೆ. ಕಾಯಿಲೆಯಲ್ಲ. ಎಲ್ಲ ವಾಸನೆಯೂ ಒಟ್ಟಿಗೇ ಮಂಕಾಗಿದ್ದರೆ ಮಾತ್ರ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಿ.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಪ್ರತಿಯೊಂದಕ್ಕೂ ಒಂದೊಂದು ವಂಶವಾಹಿ, ಅದರಲ್ಲಿ ಜನರಿಂದ ಜನರಿಗೆ ಸಣ್ಣಪುಟ್ಟ ವ್ಯತ್ಯಾಸ. ಸಾಮಾನ್ಯವಾಗಿ ಒಂದು ವಾಸನೆಗೆ ಹಲವು ಗ್ರಾಹಕಗಳು ಓಗೊಡುವುದರಿಂದ ಒಂದು ಕೈಕೊಟ್ಟರೂ ಗೊತ್ತಾಗುವುದಿಲ್ಲ. ತೇರು ಎಳೆಯಲು ನೂರು ಕೈಯಿದ್ದಾಗ ಒಬ್ಬ ಹಗ್ಗ ಬಿಟ್ಟರೆ ತೇರು ನಿಲ್ಲುತ್ತದೆಯೇ? ಕಸ್ತೂರಿಗಳಿಗೆ ಆ ಅನುಕೂಲವಿಲ್ಲ. ದೊಡ್ಡ ಅಣುಗಳಾದ ಅವಕ್ಕೆ ಸ್ಪಂದಿಸುವ ಗ್ರಾಹಕಗಳು ಬೆರಳೆಣಿಕೆಯಷ್ಟು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಗ್ಯಾಲಕ್ಸೊಲೈಡ್ ಎಷ್ಟು ಗಾಢವಾಗಿ ತಿಳಿಯುತ್ತದೆ ಎಂಬುದಕ್ಕೆ ಓಆರ್4ಡಿ6 ಎಂಬ ಒಂದೇ ಗ್ರಾಹಕದ ವಂಶವಾಹಿಯಲ್ಲಿನ ವ್ಯತ್ಯಾಸದೊಂದಿಗೆ ನಂಟಿರುವುದನ್ನು ತೋರಿಸಿತು. ಅದು ನೆಟ್ಟಗಿರುವವರಿಗೆ 80 ಮಿ.ಲೀ. ನಿಜಕ್ಕೂ ಜಾಸ್ತಿ. ನಿಮ್ಮ ಮನೆಯವರು ನಾಜೂಕು ಮಾಡುತ್ತಿಲ್ಲ.

ಖಚಿತ ಮಾಡಿಕೊಳ್ಳಲು ಸೆಂಟ್ ಅಂಗಡಿಯಲ್ಲಿ 10 ಗ್ರಾಂ ‘ಗ್ಯಾಲಕ್ಸೊಲೈಡ್ 50’ ಕೇಳಿ. ಅದು ಅರ್ಧ ಕಸ್ತೂರಿ, ಅರ್ಧ ವಾಸನೆಯಿಲ್ಲದ ದ್ರಾವಕ. ಶುದ್ಧವಾದದ್ದು ಜೇನಿಗಿಂತ ಗಟ್ಟಿ, ಸುರಿಯಲೂ ಬಾರದು, ಅದಕ್ಕೇ ಹೀಗೆ ತೆಳುವಾಗಿಸಿ ಮಾರುವುದು. ಅದರಲ್ಲಿ 1 ಗ್ರಾಂ ತೂಗಿ 9 ಗ್ರಾಂ ಆಲ್ಕೋಹಾಲಿಗೆ ಬೆರೆಸಿದರೆ ಶೇ. 5ರ ದ್ರಾವಣ. ಒಂದೇ ಅಳತೆಯ ಮೂರು ಕಾಗದದ ಪಟ್ಟಿ ತೆಗೆದುಕೊಳ್ಳಿ. ಒಂದರ ತುದಿಯನ್ನು ಇದರಲ್ಲಿ, ಎರಡರ ತುದಿಯನ್ನು ಬರೀ ಆಲ್ಕೋಹಾಲಿನಲ್ಲಿ ಅದ್ದಿ ಹತ್ತು ನಿಮಿಷ ಆರಲು ಬಿಡಬೇಕು. ಆರದಿದ್ದರೆ ಆಲ್ಕೋಹಾಲಿನ ಘಾಟೇ ಮೂಗಿಗೆ ಹೊಡೆಯುತ್ತದೆ. ಅದ್ದುವುದು, ಹಿಂದೆ ಗುರುತು ಹಾಕುವುದು, ಪಟ್ಟಿಗಳನ್ನು ಅದಲುಬದಲು ಮಾಡಿ ಕೊಡುವುದು ನಿಮ್ಮವರ ಕೆಲಸ. ಬೇರೆ ಅನ್ನಿಸುವ ಪಟ್ಟಿಯನ್ನು ಆರಿಸುವುದಷ್ಟೇ ನಿಮ್ಮದು. ತಿಳಿಯದಿದ್ದರೂ ಒಂದನ್ನು ಹೇಳಲೇಬೇಕು. ಎರಡೆರಡು ನಿಮಿಷ ಬಿಟ್ಟು ಆರು ಸುತ್ತು ಮಾಡಿ. ಆಮೇಲೆ ಅವರ ಕೆಲಸ ನೀವು ವಹಿಸಿಕೊಂಡು ಅವರಿಗೂ ಹೀಗೇ ಆರು ಸುತ್ತು ಮಾಡಿ.

ಕಣ್ಣುಮುಚ್ಚಿ ಆರಿಸಿದರೂ ಆರರಲ್ಲಿ ಸರಾಸರಿ ಎರಡು ಸರಿಬರುತ್ತವೆ. ನಿಮಗೆ ಒಂದೋ ಎರಡೋ ಮೂರೋ ಬಂದು, ನಿಮ್ಮವರಿಗೆ ಐದು-ಆರು ಬಂದರೆ ಸೆಂಟಿನವನ ಮೇಲೆ ಅನುಮಾನ ಬಿಡಿ. ಐದು ಅಥವಾ ಆರು ಅದೃಷ್ಟದಿಂದ ಬರುವ ಸಾಧ್ಯತೆ ನೂರಕ್ಕೆ ಎರಡೂ ಇಲ್ಲ. ಒಂದು ಎಚ್ಚರ: ಲಿಕ್ವಿಡ್ ಕಲಸಿದ ದಿನ ಈ ಪರೀಕ್ಷೆ ಬೇಡ. ದಿನವಿಡೀ ಕಸ್ತೂರಿಯ ನಡುವೆ ಇದ್ದರೆ ಯಾರ ಮೂಗಾದರೂ ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತದೆ, ಆ ತಾತ್ಕಾಲಿಕ ಮಂಕನ್ನು ಹುಟ್ಟಿನ ಕುರುಡು ಎಂದು ತಪ್ಪು ತಿಳಿಯುವಿರಿ. ಎರಡು ದಿನ ಕೆಲಸದಿಂದ ದೂರವಿದ್ದು ಬೆಳಿಗ್ಗೆ ಮಾಡಿ.

ಗ್ಯಾಲಕ್ಸೊಲೈಡ್ ತಿಳಿಯದವರಿಗೆ ಉಳಿದ ಕಸ್ತೂರಿಗಳೂ ತಿಳಿಯಬಾರದು ಎಂದೇನಿಲ್ಲ. ಎಥಿಲೀನ್ ಬ್ರಾಸಿಲೇಟ್ ಬೇರೆ ಜಾತಿಯ ಕಸ್ತೂರಿ, ಅದನ್ನೂ ಹೀಗೇ ನೋಡಿ. ಸೆಂಟ್ ತಯಾರಕರು ಒಂದೇ ಬಾಟಲಿಗೆ ಮೂರು-ನಾಲ್ಕು ಕಸ್ತೂರಿ ಸೇರಿಸುವುದಕ್ಕೆ ಒಂದು ಕಾರಣ ಇದೇ: ಒಂದು ತಪ್ಪಿದವರಿಗೆ ಇನ್ನೊಂದಾದರೂ ಸಿಗಲಿ. ಮೂಸಿ ಮೂಸಿ ಅಭ್ಯಾಸ ಮಾಡಿದರೆ ಬರುತ್ತದೆಯೇ ಎಂದು ಕೇಳಬಹುದು. ಆಂಡ್ರೋಸ್ಟೆನೋನ್ ಎಂಬ ಬೇರೊಂದು ವಸ್ತುವಿನಲ್ಲಿ, ದಿನಕ್ಕೆ ಮೂರು ಸಲದಂತೆ ಆರು ವಾರ ಮೂಸಿದವರಲ್ಲಿ ಅರ್ಧ ಜನಕ್ಕೆ ವಾಸನೆ ತಿಳಿಯತೊಡಗಿತು ಎಂದು 1989ರ ಪ್ರಯೋಗವೊಂದು ಹೇಳುತ್ತದೆ. ಅದನ್ನೇ ನಂಬಿ ಗ್ಯಾಲಕ್ಸೊಲೈಡಿಗೆ ಕೂರಬೇಡಿ.

ವ್ಯಾಪಾರದ ಮಟ್ಟಿಗೆ, ಒಣ ಬಟ್ಟೆಯ ತೀರ್ಪನ್ನು ಬೇರೆಯವರ ಮೂಗಿಗೆ ಒಪ್ಪಿಸಿ. 10 ಲೀಟರಿಗೆ 20, 40, 80 ಮಿ.ಲೀ. ಲೆಕ್ಕದಲ್ಲಿ ಮೂರು ಸಣ್ಣ ಮಾದರಿ ಕಲಸಿ, ಒಂದೇ ಬಗೆಯ ಟವೆಲ್‌ಗಳನ್ನು ಒಗೆದು, ಒಂದು ದಿನ ಒಣಗಿಸಿ, ಅಕ್ಕಪಕ್ಕದ ನಾಲ್ಕೈದು ಮನೆಯವರಿಗೆ ಅಳತೆ ಹೇಳದೆ ಕೊಡಿ. ಒಂದೇ ರಕ್ತದವರನ್ನು ಗುಂಪಿಗೆ ಹಾಕಬೇಡಿ, ನಿಮ್ಮ ಅಣ್ಣತಮ್ಮಂದಿರಿಗೂ ಇದೇ ಕೊರತೆ ಇರಬಹುದು. ಫಲಿತಾಂಶ ಬರುವವರೆಗೆ 40ಕ್ಕೇ ಇಳಿಸಿ.